ಅರ್ಧಾಯುಷ್ಯ 8 ದಿನ ಅಂದ್ರೆ ಪೂರ್ತಿ ಆಯುಷ್ಯ 16 ದಿನಾನಾ?

ಕ್ಯಾತ್ಸಂದ್ರದ ಚಿಕ್ಕಮ್ಮ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಗೋಡೆಪತ್ರಿಕೆಗೆ ಅಂತ ಪೇಪರಿನಿಂದ ಎರಡು ಸುದ್ದಿ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಒಂದು, ಅಗೆತದಲ್ಲಿ ಸಿಕ್ಕ ಇದ್ದಿಲಿನ ಕಾಲವನ್ನು ಕಾರ್ಬನ್-14 ನೋಡಿ ಹೇಳಿದ್ದು. ಅದರಲ್ಲಿ "ಅರ್ಧಾಯುಷ್ಯ 5730 ವರ್ಷ" ಅಂತಿದೆ. ಇನ್ನೊಂದು ಥೈರಾಯ್ಡ್ ಚಿಕಿತ್ಸೆಯದು, ಅದರಲ್ಲಿ "ಅಯೋಡಿನ್-131ರ ಅರ್ಧಾಯುಷ್ಯ 8 ದಿನ".

ಅವಳು ಕೇಳ್ತಿರೋದು ಇಷ್ಟು. ಅರ್ಧ ಆಯುಷ್ಯ 8 ದಿನ ಆದ್ರೆ 16ನೇ ದಿನಕ್ಕೆ ಪೂರ್ತಿ ಮುಗೀಬೇಕಲ್ವಾ? ಹಾಗಾದ್ರೆ ಕಾರ್ಬನ್ 11,460 ವರ್ಷಕ್ಕೆ ಮುಗಿದುಹೋಗುತ್ತಾ? ಅದೂ ಅಲ್ಲದೆ, 5730 ವರ್ಷ ಯಾರು ಕೂತು ಕಾದು ನೋಡಿದ್ರು? ಮೂರನೇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮೊದಲೆರಡಕ್ಕೆ ಹೌದು ಅಂದುಬಿಟ್ಟಿದ್ದೆ, ಈಗ ಅನುಮಾನ ಬರ್ತಿದೆ.

ಮಧುಗಿರಿ ಮೆಡಿಕಲ್ಸ್

ಮೇಡಂ, ಔಷಧಿ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಸ್ಟ್ರಿಪ್ ಹಿಂದೆ ಎಕ್ಸ್‌ಪೈರಿ ಇರುತ್ತೆ. ಅದರಲ್ಲಿ ಅರ್ಧ ಕಾಲ ಕಳೆದ ಮೇಲೆ ಪವರ್ ಸ್ವಲ್ಪ ಇಳಿಯುತ್ತೆ, ಅದನ್ನೇ ಹಾಫ್ ಲೈಫ್ ಅನ್ನೋದು.

ಸೀಸದ ಡಬ್ಬಿ

ಅಣ್ಣಾ, ಅದು ಬೇರೆ ವಿಷಯ. ಎಕ್ಸ್‌ಪೈರಿ ಅಂದರೆ ಆ ದಿನದವರೆಗೆ ಮಾತ್ರೆ ಸರಿಯಾಗಿರುತ್ತೆ ಅಂತ ಕಂಪನಿ ಕೊಡುವ ಭರವಸೆ. ಬಿಸಿಲಿಗೆ ಇಟ್ಟರೆ ಮೊದಲೇ ಕೆಡುತ್ತೆ, ತಂಪಾಗಿಟ್ಟರೆ ಬಾಳಿಕೆ ಬರುತ್ತೆ. ಅಯೋಡಿನ್-131 ಹಾಗಲ್ಲ. ಫ್ರಿಜ್ಜಲ್ಲಿಡಿ, ಕುದಿಸಿ, ಸೀಸದ ಡಬ್ಬಿಯಲ್ಲಿ ಬೀಗ ಹಾಕಿ, 8 ದಿನಕ್ಕೆ ಅರ್ಧ ಆಗೇ ಆಗುತ್ತೆ. ನಮ್ಮ ಕೆಲಸದ ಕಷ್ಟ ಎಲ್ಲಾ ಅಲ್ಲೇ ಇರೋದು.

ಮಗುವಿನ ಪ್ರಶ್ನೆಗೆ ಬರೋಣ. ಅವಳನ್ನು ದಾರಿ ತಪ್ಪಿಸಿದ್ದು ಗಣಿತ ಅಲ್ಲ, ನಮ್ಮ ಪದ. "ಅರ್ಧಾಯುಷ್ಯ" ಅಂದ ಕೂಡಲೇ ಅಲ್ಪಾಯುಷ್ಯ, ಪೂರ್ಣಾಯುಷ್ಯ ನೆನಪಾಗುತ್ತೆ. ಅರ್ಧ ಕಳೆಯಿತು, ಇನ್ನರ್ಧ ಉಳಿಯಿತು ಅನ್ನೋ ಅರ್ಥ ಬರುತ್ತೆ. ಆದರೆ ಇಲ್ಲಿ ಅರ್ಧ ಆಗೋದು ಆಯುಷ್ಯ ಅಲ್ಲ, ತಲೆ ಲೆಕ್ಕ. ಪರಮಾಣುಗಳ ಗುಂಪಿನಲ್ಲಿ ಅರ್ಧದಷ್ಟು ಒಡೆಯೋಕೆ ಹಿಡಿಯುವ ಹೊತ್ತು 8 ದಿನ. ಮುಂದಿನ 8 ದಿನದಲ್ಲಿ ಒಡೆಯೋದು ಉಳಿದದ್ದರಲ್ಲಿ ಅರ್ಧ. 100 ಇದ್ದದ್ದು 8ನೇ ದಿನಕ್ಕೆ 50, 16ಕ್ಕೆ 25, 24ಕ್ಕೆ 12.5, 32ಕ್ಕೆ 6.25. ಸೊನ್ನೆ ಎಲ್ಲಿ ಬಂತು ನೋಡಿ, ಬರಲೇ ಇಲ್ಲ.

ಯಾಕೆ ಹೀಗೆ ಅಂದರೆ ಪರಮಾಣುವಿಗೆ ಮುಪ್ಪು ಅನ್ನೋದಿಲ್ಲ. ನಿನ್ನೆ ತಯಾರಾದ ಅಯೋಡಿನ್ ಪರಮಾಣುವಿಗೂ, 16 ದಿನ ಒಡೆಯದೆ ಉಳಿದುಕೊಂಡ ಪರಮಾಣುವಿಗೂ ನಾಳೆ ಒಡೆಯುವ ಸಾಧ್ಯತೆ ಒಂದೇ. ಹಳೆಯದು ಅಂತ ಅದಕ್ಕೆ ಸುಸ್ತಾಗಿರಲ್ಲ.

ಚಿಕ್ಕಬಳ್ಳಾಪುರ ಗಣಿತ

ಇದನ್ನು ಹುಣಸೆ ಬೀಜದಲ್ಲಿ ತೋರಿಸಿ. ಚೌಕಾಬಾರಕ್ಕೆ ತೇಯ್ದುಕೊಳ್ಳುವ ಹಾಗೆ 64 ಬೀಜಗಳ ಒಂದೊಂದು ಮಗ್ಗುಲನ್ನು ಒರಟು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳಬೇಕು. ಎಲ್ಲವನ್ನೂ ಡಬ್ಬಿಗೆ ಹಾಕಿ ಕುಲುಕಿ ಚಾಪೆ ಮೇಲೆ ಚೆಲ್ಲಿ. ಬಿಳಿ ಮೇಲಾಗಿ ಬಿದ್ದವು ಒಡೆದ ಪರಮಾಣು, ಅವನ್ನು ಪಕ್ಕಕ್ಕಿಡಿ. ಕಪ್ಪಾಗಿ ಬಿದ್ದವನ್ನು ಎಣಿಸಿ ಬರೆದುಕೊಂಡು ಮತ್ತೆ ಡಬ್ಬಿಗೆ ಹಾಕಿ ಚೆಲ್ಲಿ. 64, 32, 16, 8, 4, 2, 1 ಬರುತ್ತೆ. ಒಂದೊಂದು ಚೆಲ್ಲಾಟ ಒಂದೊಂದು ಅರ್ಧಾಯು. ಅಂದ ಹಾಗೆ "ಅರ್ಧಾಯು" ಅಂತಲೇ ಹೇಳಿಕೊಡಿ, ಆಯುಷ್ಯ ಅಂದರೆ ಮತ್ತೆ ಜಾತಕ ನೆನಪಾಗುತ್ತೆ.

ಪಾವಗಡದ ಬಂಡೆ

ಬೀಜದ ಉಪಾಯ ಒಳ್ಳೇದು ಸರ್, ಆದರೆ ನೀವು ಕೊಟ್ಟ ಅಂಕಿ ಅಷ್ಟು ನೀಟಾಗಿ ಬರಲ್ಲ. ತೇಯ್ದ ಬೀಜ ನಾಣ್ಯ ಅಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಬಿಳಿ ಬೀಳುವುದು ನೂರಕ್ಕೆ 50 ಇರಬೇಕು ಅಂತೇನಿಲ್ಲ. ಎಷ್ಟು ತೇಯ್ದಿದ್ದೀರಿ ಅನ್ನೋದರ ಮೇಲೆ 40 ಆಗಬಹುದು, 60ಕ್ಕೂ ಹೋಗಬಹುದು.

ಅದು ತಪ್ಪು ಅಂತ ಮಗು ಅಂದುಕೊಳ್ಳೋದು ಬೇಡ. ಪ್ರತಿ ಚೆಲ್ಲಾಟಕ್ಕೂ ನೂರಕ್ಕೆ 40 ಹೋದರೆ ಅರ್ಧಾಯು ಒಂದು ಚೆಲ್ಲಾಟ ಅಲ್ಲ, ಸುಮಾರು 1.36 ಚೆಲ್ಲಾಟ. ಕಾರ್ಬನ್-14, ಅಯೋಡಿನ್-131 ಥರದ ಒಂದೊಂದು ಐಸೊಟೋಪಿಗೆ ಒಂದೊಂದು ಅರ್ಧಾಯು ಇರೋದೂ ಹೀಗೇ. ಪ್ರತಿ ಗಳಿಗೆಗೆ ಒಡೆಯುವ ಪಾಲು ಒಂದೊಂದರಲ್ಲಿ ಒಂದೊಂದು ಥರ ಇರುತ್ತೆ, ಅಷ್ಟೇ.

ಸುಮ್ನೆ ಓದೋನು

ಹಾಗಾದ್ರೆ ಅರ್ಧ ಅರ್ಧಾಯು ಕಳೆದರೆ ಕಾಲು ಭಾಗ ಹೋಗಿರುತ್ತೆ. 8 ದಿನಕ್ಕೆ 50 ಹೋದರೆ 4 ದಿನಕ್ಕೆ 25. ಇಷ್ಟು ಸುಲಭ ಇರೋದಕ್ಕೆ ಲಾಗ್ ಟೇಬಲ್ ಯಾಕೆ ತೆಗೀತಾರೋ.

ಸೀಸದ ಡಬ್ಬಿ

ಎಲ್ಲರೂ ಎಡವೋ ಜಾಗ ಇದೇ. 4 ದಿನಕ್ಕೆ 25 ಹೋಗಿರಲ್ಲ, 29 ಹೋಗಿರುತ್ತೆ. ಮೊದಲ ನಾಲ್ಕು ದಿನ ಪರಮಾಣುಗಳು ಜಾಸ್ತಿ ಇವೆ, ಹಾಗಾಗಿ ಒಡೆಯೋದೂ ಜಾಸ್ತಿ. ಆಮೇಲಿನ ನಾಲ್ಕು ದಿನದಲ್ಲಿ ಇನ್ನು 21 ಹೋಗಿ 50 ಆಗುತ್ತೆ.

ಪೆಟ್ ಸ್ಕ್ಯಾನ್ ಉದಾಹರಣೆ ತಗೊಳ್ಳಿ, ಅಲ್ಲಿ ಇದು ಕಣ್ಣಿಗೆ ಕಾಣುತ್ತೆ. ಅದಕ್ಕೆ ಕೊಡುವ ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಬೆಂಗಳೂರು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ತುಮಕೂರು ಸ್ಟ್ಯಾಂಡಲ್ಲಿ ಇಳಿಯೋಕೆ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಡಬ್ಬಿ ದಾರಿಯಲ್ಲಿರುವಾಗಲೇ ಒಳಗಿನ ಸರಕು ಅರ್ಧ ಆಗಿರುತ್ತೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಬೆಳಿಗ್ಗೆ 10:00ಕ್ಕೆ ರೋಗಿಗೆ 10 ಮಿಲಿಕ್ಯೂರಿ ಚುಚ್ಚಬೇಕು. ಮಿಲಿಕ್ಯೂರಿ ಅನ್ನೋದು ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಅನ್ನೋದರ ಅಳತೆ. ಅಂದರೆ 8:10ಕ್ಕೆ ಅದು 20 ಇರಬೇಕು, 6:20ಕ್ಕೆ 40 ಇರಬೇಕು. ಇದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇರುವ ಕಡೆಯಿಂದ 6:20ಕ್ಕೆ ಹೊರಡುವ ಡಬ್ಬಿಯಲ್ಲಿ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ತುಂಬಿರುತ್ತಾರೆ, ಗೊತ್ತಿದ್ದೂ.

ಈಗ ಗಾಡಿ ನೆಲಮಂಗಲದ ಹತ್ತಿರ 55 ನಿಮಿಷ ಸಿಕ್ಕಿಹಾಕಿಕೊಂಡಿತು ಅನ್ನಿ. 10:55ಕ್ಕೆ ಎಷ್ಟಿರುತ್ತೆ? ಸುಲಭದ ಲೆಕ್ಕದಲ್ಲಿ 7.5. ನಿಜವಾಗಿ 7.07. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಘಾತದ ಬಟನ್ ಬರುತ್ತೆ, ಹೀಗೆ ಒತ್ತಿ:

```
10 × 0.5^(55/110) = 7.07
```

ಮಗುವಿಗೆ ಇದೊಂದೇ ಸೂತ್ರ ಸಾಕು. ಕಳೆದ ಸಮಯವನ್ನು ಅರ್ಧಾಯುವಿನಿಂದ ಭಾಗಿಸಿ, 0.5ರ ಮೇಲೆ ಘಾತವಾಗಿ ಕೂರಿಸೋದು. ಸಮಯ ಎರಡೂ ಕಡೆ ಒಂದೇ ಅಳತೆಯಲ್ಲಿರಲಿ. ಮೇಲೆ ಗಂಟೆ, ಕೆಳಗೆ ನಿಮಿಷ ಹಾಕಿ ಕೆಡಿಸಿಕೊಳ್ಳುವವರು ಬಹಳ ಜನ.

ಇನ್ನೊಂದು ತಪ್ಪು ಡಬ್ಬಿಯ ಮೇಲಿನ ಚೀಟಿಯಲ್ಲಿ ಆಗುತ್ತೆ. "10 ಮಿಲಿಕ್ಯೂರಿ" ಅಂತಷ್ಟೇ ಬರೆದರೆ ಅದಕ್ಕೆ ಅರ್ಥ ಇಲ್ಲ, ಎಷ್ಟು ಹೊತ್ತಿಗೆ ಅನ್ನೋದು ಇರಲೇಬೇಕು. 10:00ಕ್ಕೆ ಅಂತ ಬರೆದ ಅಂಕಿಯನ್ನು 8:10ಕ್ಕೆ ಓದಿ "ಈಗಿರೋದು 10" ಅಂದುಕೊಂಡರೆ ರೋಗಿಗೆ ಹೋಗೋದು ದುಪ್ಪಟ್ಟು. ಅದಕ್ಕೇ ಚುಚ್ಚುವ ಮುಂಚೆ ಸಿರಿಂಜನ್ನು ಡೋಸ್ ಕ್ಯಾಲಿಬ್ರೇಟರ್ ಒಳಗಿಟ್ಟು ಅಳೆದು, ಗಡಿಯಾರ ನೋಡಿ ಬರೆದುಕೊಳ್ಳೋದು.

ಕ್ಯಾತ್ಸಂದ್ರದ ಚಿಕ್ಕಮ್ಮ

ಬಸ್ಸಿನ ಲೆಕ್ಕ ಅವಳಿಗೆ ತಕ್ಷಣ ಹತ್ತಿತು. ಈಗ ಮರುಪ್ರಶ್ನೆ: ಸೊನ್ನೆ ಬರೋದೇ ಇಲ್ಲ ಅಂದರೆ ಆ ಇಂಜೆಕ್ಷನ್ ತಗೊಂಡವರ ಮೈಯಲ್ಲಿ ಅದು ಸಾಯೋವರೆಗೂ ಇರುತ್ತಾ?

ಸುಮ್ನೆ ಓದೋನು

ಹತ್ತು ಅರ್ಧಾಯು ಕಳೆದರೆ ಸೊನ್ನೆ ಅಂತ ಲೆಕ್ಕ. ಇದು ಎಲ್ಲಾ ಕಡೆ ಇರೋ ರೂಲು.

ಸೀಸದ ಡಬ್ಬಿ

ಅರ್ಧ ಸರಿ. ಹತ್ತು ಸಲ ಅರ್ಧ ಮಾಡಿದರೆ 1024ರಲ್ಲಿ ಒಂದು ಪಾಲು ಉಳಿಯುತ್ತೆ. ಫ್ಲೋರಿನ್-18ಕ್ಕೆ ಅದು 1100 ನಿಮಿಷ, 18 ಗಂಟೆ ಚಿಲ್ಲರೆ. ಕೆಲಸಕ್ಕೆ ಅದನ್ನು ಮುಗಿದ ಹಾಗೆ ನೋಡಬಹುದು, ಆದರೆ ಸೊನ್ನೆ ಅಲ್ಲ. 10 ಮಿಲಿಕ್ಯೂರಿ ಅಂದರೆ ಸೆಕೆಂಡಿಗೆ 37 ಕೋಟಿ ಪರಮಾಣು ಒಡೆಯುತ್ತಿರುತ್ತವೆ. 18 ಗಂಟೆ ಆದಮೇಲೂ ಸೆಕೆಂಡಿಗೆ ಸುಮಾರು 3.6 ಲಕ್ಷ ಒಡೆಯುತ್ತವೆ. ಎಷ್ಟರಿಂದ ಶುರುವಾಯಿತು ಅನ್ನೋದರ ಮೇಲೆ ಹತ್ತು ಸಾಕೋ ಬೇಡವೋ ಹೇಳಬೇಕು.

ಮಗುವಿನ ಪ್ರಶ್ನೆಗೂ ಉತ್ತರ ಇದೆ. ಕಾಗದದ ಮೇಲೆ 0.5, 0.25 ಅಂತ ಕೊನೆಯಿಲ್ಲದೆ ಹೋಗಬಹುದು, ಆದರೆ ಪರಮಾಣುವನ್ನು ಅರ್ಧ ಮಾಡಿ ಎಣಿಸೋಕಾಗಲ್ಲ. ಆ 10 ಮಿಲಿಕ್ಯೂರಿ ಸೂಜಿಮದ್ದಿನಲ್ಲಿ ಇರೋದು ಸುಮಾರು ಮೂರೂವರೆ ಲಕ್ಷ ಕೋಟಿ ಫ್ಲೋರಿನ್-18 ಪರಮಾಣು. ಅದನ್ನು ಅರ್ಧ ಮಾಡುತ್ತಾ ಹೋದರೆ 42 ಸಲಕ್ಕೆ ಒಂದಕ್ಕಿಂತ ಕಡಿಮೆಗೆ ಬರುತ್ತೆ. 42 ಸಲ 110 ನಿಮಿಷ ಅಂದರೆ 77 ಗಂಟೆ, ಮೂರು ದಿನ ದಾಟಿ ಸ್ವಲ್ಪ. ಅಷ್ಟರಲ್ಲಿ ಕೊನೆಯ ಪರಮಾಣುವೂ ಹೋಗಿರುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕರ್ಧ. ಇದು ಮೂತ್ರದಲ್ಲಿ ಹೋಗೋದನ್ನು ಬಿಟ್ಟು ಮಾಡಿದ ಲೆಕ್ಕ.

ಮಾಲೂರು ಮನೆ

ಮೂತ್ರ ಅಂದಿರಿ, ಅದಕ್ಕೇ ಕೇಳ್ತೀನಿ. ನಮ್ಮ ಅತ್ತೆಗೆ ಥೈರಾಯ್ಡ್ ಗಡ್ಡೆ ತೆಗೆದ ಮೇಲೆ 100 ಮಿಲಿಕ್ಯೂರಿ ಅಯೋಡಿನ್ ಕುಡಿಸಿ ಮೂರೇ ದಿನಕ್ಕೆ ಮನೆಗೆ ಕಳಿಸಿಬಿಟ್ರು. ಅರ್ಧಾಯು 8 ದಿನ ಅಂತ ಇಲ್ಲೇ ಹೇಳ್ತಿದ್ದೀರಿ. ಮೂರು ದಿನಕ್ಕೆ ಅರ್ಧ ಕೂಡ ಹೋಗಿರಲ್ವಲ್ಲ. ಮನೇಲಿ ಎರಡು ವರ್ಷದ ಕೂಸಿದೆ. ಬೆಡ್ ಖಾಲಿ ಮಾಡಿಸೋಕೆ ಕಳಿಸಿದ್ದಾರೆ ಅಂತ ನಮ್ಮವರ ವಾದ.

ಸುಮ್ನೆ ಓದೋನು

ದೇಹದಿಂದ ಹೊರಗೆ ಹೋಗೋಕೂ ಒಂದು ಅರ್ಧಾಯು ಇರುತ್ತೆ ಮೇಡಂ. ಅದು 1 ದಿನ ಅಂತಿಟ್ಕೊಳ್ಳಿ. 8 ಮತ್ತು 1ರ ಸರಾಸರಿ 4.5 ದಿನ. ಅದೇ ನಿಜವಾದ ಅರ್ಧಾಯು.

ಸೀಸದ ಡಬ್ಬಿ

ಎರಡು ಅರ್ಧಾಯು ಇದೆ ಅನ್ನೋದು ಸರಿ. ಸರಾಸರಿ ತೆಗೆದದ್ದು ತಪ್ಪು. ತೊಟ್ಟಿಗೆ ಎರಡು ತೂತು ಇದ್ದರೆ ದೊಡ್ಡ ತೂತು ಒಂದೇ ಇದ್ದಾಗಿಗಿಂತ ಬೇಗ ಖಾಲಿ ಆಗುತ್ತೆ. ಸಣ್ಣ ತೂತು ಸೇರಿತು ಅಂತ ನಿಧಾನ ಆಗುತ್ತಾ? ಆಗಲ್ಲ. ಹಾಗಾಗಿ ಉತ್ತರ 1 ದಿನಕ್ಕಿಂತ ಕಡಿಮೆಯೇ ಬರಬೇಕು. ಗುಣಿಸಿ, ಕೂಡಿದ್ದರಿಂದ ಭಾಗಿಸಬೇಕು:

```
(8 × 1) ÷ (8 + 1) = 0.89
```

0.89 ದಿನ ಅಂದರೆ ಸುಮಾರು 21 ಗಂಟೆ. ಥೈರಾಯ್ಡ್ ಗ್ರಂಥಿ ಇಲ್ಲದ ಮೈಯಲ್ಲಿ ಅಯೋಡಿನ್ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಕಡಿಮೆ, ಹೆಚ್ಚಿನದೆಲ್ಲ ಮೊದಲೆರಡು ದಿನದಲ್ಲೇ ಮೂತ್ರದಲ್ಲಿ ಹೋಗುತ್ತೆ. ಈ 21 ಗಂಟೆ ಹಿಡಿದು ಲೆಕ್ಕ ಹಾಕಿದರೆ ಮೂರು ದಿನಕ್ಕೆ 100 ಇದ್ದದ್ದು ಹತ್ತಿರ ಹತ್ತಿರ 10ಕ್ಕೆ ಬಂದಿರುತ್ತೆ. ಬರೀ 8 ದಿನದ ಲೆಕ್ಕದಲ್ಲಿ 77 ಇರಬೇಕಿತ್ತು. ನಿಮ್ಮ ಮನೆಯವರ ತಲೆಯಲ್ಲಿ ಇರೋದು ಆ 77. ಕಳಿಸುವ ಮುಂಚೆ ಮೀಟರ್ ಹಿಡಿದು ಸ್ವಲ್ಪ ದೂರದಿಂದ ಅಳೆದಿರುತ್ತಾರೆ, ಆ ರೀಡಿಂಗ್ ಡಿಸ್ಚಾರ್ಜ್ ಕಾಗದದಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ತಗೊಳ್ಳಿ.

ಎರಡು ಮಾತು ಸೇರಿಸಬೇಕು. ಆ 1 ದಿನ ಅನ್ನೋದು ಲೆಕ್ಕಕ್ಕೆ ಹಿಡಿದದ್ದು. ಕಿಡ್ನಿ ನಿಧಾನ ಇದ್ದವರಲ್ಲಿ, ಗ್ರಂಥಿಯ ಚೂರು ಜಾಸ್ತಿ ಉಳಿದವರಲ್ಲಿ ಬೇರೆ ಬರುತ್ತೆ. ಗ್ರಂಥಿ ಪೂರ್ತಿ ಇದ್ದು, ಅದು ಜೋರಾಗಿ ಕೆಲಸ ಮಾಡ್ತಿದೆ ಅಂತ ಅಯೋಡಿನ್ ಕೊಟ್ಟವರಲ್ಲಂತೂ ಗ್ರಂಥಿಯೇ ಅದನ್ನು ಹಿಡಿದುಕೊಳ್ಳುತ್ತೆ. ಅಲ್ಲಿಂದ ಹೊರಡುವ ಅರ್ಧಾಯು 24 ದಿನ ಅಂತ ಹಿಡಿದರೆ, 8 ಮತ್ತು 24 ಸೇರಿ 6 ದಿನ ಬರುತ್ತೆ. ಔಷಧಿ ಅದೇ, ಪತ್ರಿಕೆಯಲ್ಲಿ ಬರುವ 8 ದಿನವೂ ಅದೇ, ಆದರೆ ಒಬ್ಬರಿಗೆ 21 ಗಂಟೆ, ಇನ್ನೊಬ್ಬರಿಗೆ 6 ದಿನ. ಹಾಗಾಗಿ ಕೂಸನ್ನು ಎಷ್ಟು ದಿನ ಎತ್ತಿಕೊಳ್ಳಬಾರದು ಅನ್ನೋದನ್ನು ಇಲ್ಲಿ ಯಾರೂ ಹೇಳೋಕಾಗಲ್ಲ. ಅತ್ತೆಯವರ ಚೀಟಿಯಲ್ಲಿ ಬರೆದಷ್ಟು ದಿನ, ಅಷ್ಟೇ.

ಎರಡನೇದು, ಮೂತ್ರದಲ್ಲಿ ಹೋದದ್ದು ಮಾಯ ಆಗಿಲ್ಲ, ಜಾಗ ಬದಲಾಯಿಸಿದೆ. ಮೈಯಿಂದ ಹೊರಬಿದ್ದ ಮೇಲೆ ಅದಕ್ಕೆ ಮತ್ತೆ 8 ದಿನದ ಲೆಕ್ಕವೇ. ಆಸ್ಪತ್ರೆಯಲ್ಲಿ ಆ ವಾರ್ಡಿನ ಪಾಯಿಖಾನೆ ನೀರನ್ನು ನೇರವಾಗಿ ಚರಂಡಿಗೆ ಬಿಡದೆ ಬೇರೆ ಟ್ಯಾಂಕಲ್ಲಿ ವಾರಗಟ್ಟಲೆ ನಿಲ್ಲಿಸೋದು ಅದಕ್ಕೇ. ಮನೆಯಲ್ಲಿ ಕೂತು ಮೂತ್ರ ಮಾಡಿ, ಎರಡು ಮೂರು ಸಲ ನೀರು ಹಾಕಿ, ಕೈ ಚೆನ್ನಾಗಿ ತೊಳೀರಿ ಅನ್ನೋದೂ ಅದಕ್ಕೇ.

ಮಾಲೂರು ಮನೆ

ಚೀಟಿಯಲ್ಲಿ ರೀಡಿಂಗ್ ಇದೆ, ದಿನಗಳೂ ಬರೆದಿದ್ದಾರೆ. ನಾವು ನೋಡಿರಲಿಲ್ಲ. ಟವೆಲ್ಲು, ತಟ್ಟೆ ಬೇರೆ ಇಡಬೇಕು ಅಂತಲೂ ಇದೆ. ಆದ್ರೂ ನಮ್ಮವರು ಒಪ್ಪಿಲ್ಲ.

ಪಾವಗಡದ ಬಂಡೆ

ಈಗ ಮಗುವಿನ ಕಾರ್ಬನ್ ಪ್ರಶ್ನೆಗೆ ಬರ್ತೀನಿ. ಔಷಧಿಯಲ್ಲಿ ಸಮಯ ಗೊತ್ತಿರುತ್ತೆ, ಎಷ್ಟು ಉಳಿದಿದೆ ಅಂತ ಹುಡುಕ್ತೀವಿ. ಇದ್ದಿಲಿನಲ್ಲಿ ಎಷ್ಟು ಉಳಿದಿದೆ ಅಂತ ಅಳೆದು ಸಮಯ ಹುಡುಕ್ತೀವಿ. ಸೂತ್ರ ಅದೇ, ತಿರುಗಿಸಿ ಹಿಡಿಯೋದು.

ಮರ ಬದುಕಿರುವಾಗ ಗಾಳಿಯಿಂದ ಕಾರ್ಬನ್ ತಗೊಳ್ಳುತ್ತಾ ಇರುತ್ತೆ, ಹಾಗಾಗಿ ಕಾರ್ಬನ್-14 ಗಾಳಿಯಲ್ಲಿ ಇದ್ದಷ್ಟೇ ಅದರಲ್ಲೂ ಇರುತ್ತೆ. ಸತ್ತ ಮೇಲೆ ಹೊಸದು ಬರಲ್ಲ, ಇದ್ದದ್ದು ಕರಗುತ್ತಾ ಹೋಗುತ್ತೆ. ಒಂದು ಇದ್ದಿಲಿನಲ್ಲಿ ನೂರಕ್ಕೆ 72 ಉಳಿದಿದೆ ಅನ್ನಿ:

```
t = 5730 × log(1/0.72) ÷ log(2)
t ≈ 2716
```

2716 ವರ್ಷ. ಓದೋನ ಸುಲಭದ ಲೆಕ್ಕದಲ್ಲಿ, 50 ಹೋಗೋಕೆ 5730 ಆದರೆ 28 ಹೋಗೋಕೆ ಎಷ್ಟು ಅಂತ ತ್ರೈರಾಶಿ ಹಾಕಿದರೆ 3209 ಬರುತ್ತೆ. ಹತ್ತಿರ ಹತ್ತಿರ ಐನೂರು ವರ್ಷ ಜಾಸ್ತಿ. ಲಾಗ್ ಟೇಬಲ್ ಯಾಕೆ ಅಂತ ಕೇಳಿದ್ದಿರಲ್ಲ, ಅದಕ್ಕೆ.

11,460 ವರ್ಷಕ್ಕೆ ಕಾರ್ಬನ್ ಮುಗಿಯಲ್ಲ, ಕಾಲು ಭಾಗ ಉಳಿದಿರುತ್ತೆ. ಸುಮಾರು 50,000 ವರ್ಷದ ಹೊತ್ತಿಗೆ ಉಳಿಯೋದು ನೂರಕ್ಕೆ ಕಾಲು ಪಾಲಿಗಿಂತಲೂ ಸ್ವಲ್ಪ ಕಡಿಮೆ, ಅಲ್ಲಿಗೆ ಈ ವಿಧಾನದ ಮಿತಿ. ಅಳೆಯೋಕೆ ಯಂತ್ರ ಇಲ್ಲ ಅಂತಲ್ಲ, ಕಸದ ಕಾಟ. 40,000 ವರ್ಷದ ಮೂಳೆಗೆ ಹೊಸ ಬೇರಿನ ಎಳೆಯಿಂದಲೋ, ಎತ್ತಿದವರ ಕೈಯಿಂದಲೋ ನೂರಕ್ಕೆ ಒಂದು ಪಾಲು ಇವತ್ತಿನ ಕಾರ್ಬನ್ ಸೇರಿಕೊಂಡರೆ ಉತ್ತರ ಸುಮಾರು 33,300ಕ್ಕೆ ಬಂದುಬಿಡುತ್ತೆ. ಅದೇ ಒಂದು ಪಾಲು ಕಸ ನಮ್ಮ 2716 ವರ್ಷದ ಇದ್ದಿಲಿಗೆ ಸೇರಿದರೆ ತಪ್ಪೋದು 30 ವರ್ಷ ಚಿಲ್ಲರೆ ಅಷ್ಟೇ. ಹಳೆಯದು ಹೆಚ್ಚಾದಷ್ಟೂ ಕಸಕ್ಕೆ ಬೆಲೆ ಹೆಚ್ಚು. ಅದಕ್ಕೇ ಸ್ಯಾಂಪಲನ್ನು ಬರಿಗೈಯಲ್ಲಿ ಮುಟ್ಟಬಾರದು, ಹತ್ತಿಯಲ್ಲೋ ಕಾಗದದಲ್ಲೋ ಸುತ್ತಬಾರದು, ಅವೂ ಕಾರ್ಬನ್ನೇ.

ಇದ್ದಿಲಿಗೆ ಇನ್ನೊಂದು ಮೋಸ ಇದೆ. ಅದು ಹೇಳೋದು ಒಲೆ ಉರಿದ ಕಾಲವನ್ನಲ್ಲ, ಮರದ ಆ ಸುತ್ತು ಬೆಳೆದ ಕಾಲವನ್ನು. ಇನ್ನೂರು ವರ್ಷದ ಹುಣಸೆ ಮರದ ಚೇಗು ಉರಿಸಿದ್ದರೆ ಒಲೆಗಿಂತ ಇನ್ನೂರು ವರ್ಷ ಹಿಂದಿನ ಕಾಲ ಬರುತ್ತೆ. ಹಾಗಾಗಿ ಸುಟ್ಟ ಹುರುಳಿ ಕಾಳು ಸಿಕ್ಕರೆ ಇದ್ದಿಲಿಗಿಂತ ಅದೇ ಮೇಲು. ಅದು ಆ ವರ್ಷದ್ದೇ ಬೆಳೆ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ ಸಿಗೋದೂ ಉಂಟು.

ಚಿಕ್ಕಬಳ್ಳಾಪುರ ಗಣಿತ

ಕಾರ್ಬನ್ ಲ್ಯಾಬಿನ ರಿಪೋರ್ಟುಗಳಲ್ಲಿ 5568 ಅನ್ನೋ ಅಂಕಿಯನ್ನೂ ನೋಡಿದ್ದೀನಿ. ಯಾವುದು ಸರಿ?

ಪಾವಗಡದ ಬಂಡೆ

5730 ಸರಿಯಾದದ್ದು. 5568 ಈ ವಿಧಾನ ಹುಟ್ಟುಹಾಕಿದ ಲಿಬ್ಬಿ ಕಾಲದ್ದು. ಆಗಲೇ ಪ್ರಕಟವಾಗಿದ್ದ ದಿನಾಂಕಗಳ ಜೊತೆ ಹೊಸದು ಹೊಂದಲಿ ಅಂತ ಲ್ಯಾಬಿನವರೆಲ್ಲ ಇವತ್ತಿಗೂ ಮೊದಲ ಉತ್ತರವನ್ನು 5568ರಲ್ಲೇ ಕೊಡ್ತಾರೆ. ನಮ್ಮ 72ರ ಇದ್ದಿಲಿಗೆ ಅದು 2639 ಆಗುತ್ತೆ, ಅದೂ 1950ರಿಂದ ಹಿಂದಕ್ಕೆ. ಆಮೇಲೆ ವಯಸ್ಸು ಗೊತ್ತಿರುವ ಮರದ ಸುತ್ತುಗಳ ಜೊತೆ ತಾಳೆ ಹಾಕಿ ಕ್ಯಾಲೆಂಡರ್ ವರ್ಷಕ್ಕೆ ತರ್ತಾರೆ. ಗಾಳಿಯಲ್ಲಿ ಕಾರ್ಬನ್-14 ಎಲ್ಲಾ ಕಾಲಕ್ಕೂ ಒಂದೇ ಸಮ ಇರಲಿಲ್ಲ, ಅದಕ್ಕೆ. ತಾಳೆ ಹಾಕುವಾಗ 5568ರ ತಪ್ಪೂ ತಾನಾಗಿ ಸರಿಹೋಗುತ್ತೆ.

ಆದರೆ ಕ್ರಿ.ಪೂ. 750ರಿಂದ 400ರ ನಡುವೆ ಒಂದು ಪೀಕಲಾಟ ಇದೆ. ಆ ಮೂರೂವರೆ ಶತಮಾನದ ಮರಗಳೆಲ್ಲ ಕಾರ್ಬನ್-14 ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ ವಯಸ್ಸಿನವಾಗಿ ಕಾಣುತ್ತವೆ. ನಮ್ಮ ಕಡೆಯ ಬೃಹತ್ ಶಿಲಾ ಸಮಾಧಿಗಳಲ್ಲಿ ಆ ಕಾಲದವೂ ಇವೆ. "ಕ್ರಿ.ಪೂ. ಆರನೇ ಶತಮಾನ" ಅಂತ ಪೇಪರಲ್ಲಿ ದಪ್ಪಕ್ಷರದಲ್ಲಿ ಬಂದರೆ ಒಂದೇ ಸ್ಯಾಂಪಲ್ ಮೇಲೆ ಹೇಳಿದ್ದಾ, ಹಲವು ಪದರಗಳ ಸ್ಯಾಂಪಲ್ ಸೇರಿಸಿ ಹೇಳಿದ್ದಾ ಅಂತ ನೋಡಬೇಕು.

ಸುಮ್ನೆ ಓದೋನು

ಇಷ್ಟೆಲ್ಲಾ ರಿಪೇರಿ ಬೇಕು ಅಂದ್ರೆ ಈ ಕಾರ್ಬನ್ ಲೆಕ್ಕವನ್ನೇ ನಂಬಬಾರದು. ನಮ್ಮ ಪಾವಗಡದ ಬೆಟ್ಟ 250 ಕೋಟಿ ವರ್ಷದ್ದು ಅಂತಾರಲ್ಲ, ಅದೂ ಇದೇ ಲೆಕ್ಕ ತಾನೇ?

ಪಾವಗಡದ ಬಂಡೆ

ಅಲ್ಲ. ಬಂಡೆ ಯಾವತ್ತೂ ಉಸಿರಾಡಿಲ್ಲ, ಅದರಲ್ಲಿ ಕಾರ್ಬನ್-14ರ ಗಡಿಯಾರ ಶುರುವಾಗಿಯೇ ಇಲ್ಲ. ಪಾವಗಡದ ಕಡೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಯುರೇನಿಯಂ-238 ಬಳಸ್ತಾರೆ, ಅದರ ಅರ್ಧಾಯು 447 ಕೋಟಿ ವರ್ಷ. ಗ್ರಾನೈಟಿನಲ್ಲಿ ಜಿರ್ಕಾನ್ ಅಂತ ಸಣ್ಣ ಹರಳಿರುತ್ತೆ. ಅದು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತೆ, ಸೀಸವನ್ನು ಹತ್ತಿರ ಸೇರಿಸಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಬಹುಪಾಲು ಯುರೇನಿಯಂ ಒಡೆದು ಆದದ್ದು. 250 ಕೋಟಿ ವರ್ಷಕ್ಕೆ ಯುರೇನಿಯಂ-238 ನೂರಕ್ಕೆ 68ರಷ್ಟು ಉಳಿದು, 32 ಪಾಲು ಸೀಸ ಆಗಿರಬೇಕು. ಅರ್ಧಾಯು ಅಳೆಯುವ ಕಾಲಕ್ಕೆ ತಕ್ಕ ಹಾಗೆ ಇರಬೇಕು, ಇಲ್ಲದಿದ್ದರೆ ದಿನಸಿ ಲಾರಿಯನ್ನು ಚಿನ್ನದ ತಕ್ಕಡಿಗೆ ಏರಿಸಿದ ಹಾಗೆ.

ಕೆಜಿಎಫ್ ಚಾಂಪಿಯನ್ ರೀಫ್

447 ಕೋಟಿ ಯಾರು ಕಾದರು ಅಂತ ಮಗು ಕೇಳೇ ಕೇಳುತ್ತೆ. ನಮ್ಮೂರಿನದೇ ಉತ್ತರ ಇದೆ. 1980ರ ಹೊತ್ತಿಗೆ ಇಲ್ಲಿನ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳಕ್ಕೆ 140 ಟನ್ನಿನ ಯಂತ್ರ ಇಳಿಸಿ, ಪ್ರೋಟಾನ್ ಒಡೆಯುತ್ತಾ ಅಂತ ನೋಡ್ತಾ ಕೂತರು. ಒಂದು ಪ್ರೋಟಾನ್ ಒಡೆಯೋಕೆ ಹಿಡಿಯುವ ಕಾಲ ವಿಶ್ವದ ವಯಸ್ಸಿಗಿಂತ ಎಷ್ಟೋ ಪಾಲು ಜಾಸ್ತಿ. ಆದ್ರೆ ಲೆಕ್ಕವಿಲ್ಲದಷ್ಟು ಪ್ರೋಟಾನ್ ಒಟ್ಟಿಗೆ ಇಟ್ಟುಕೊಂಡರೆ ವರ್ಷಕ್ಕೆ ಒಂದೋ ಎರಡೋ ಒಡೆಯಬೇಕಲ್ಲ ಅನ್ನೋ ಲೆಕ್ಕ. ಕೆಲವು ಗುರುತು ಸಿಕ್ಕಿವೆ ಅಂದರು, ಬೇರೆಯವರ ಪ್ರಯೋಗಗಳು ಅದನ್ನು ಒಪ್ಪಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇವತ್ತಿಗೂ ಯಾರೂ ಖಚಿತವಾಗಿ ಕಂಡಿಲ್ಲ.

ಪಾವಗಡದ ಬಂಡೆ

ಕಾರ್ಬನ್‌ಗೂ ಉಪಾಯ ಅದೇ, ಕಾಯೋದಲ್ಲ, ಎಣಿಸೋದು. ಬದುಕಿರುವ ಗಿಡದ ಒಂದು ಗ್ರಾಂ ಕಾರ್ಬನ್ನಲ್ಲಿ ಸುಮಾರು 5900 ಕೋಟಿ ಕಾರ್ಬನ್-14 ಪರಮಾಣು ಇರುತ್ತವೆ. ಅವುಗಳಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 14 ಒಡೆಯುತ್ತವೆ. ಗುಂಪು ಎಷ್ಟು, ನಿಮಿಷಕ್ಕೆ ಎಷ್ಟು ಹೋಗ್ತಿವೆ, ಎರಡೂ ಗೊತ್ತಾದರೆ ಅರ್ಧ ಆಗೋಕೆ ಎಷ್ಟು ಕಾಲ ಅಂತ ಇವತ್ತೇ ಹೇಳಬಹುದು.

ಕ್ಯಾತ್ಸಂದ್ರದ ಚಿಕ್ಕಮ್ಮ

ಬೀಜ ಚೆಲ್ಲಿದಳು. 64, 37, 23, 13, 8, 5, 2, 2, 1. ಅಲ್ಲಿಗೆ ಊಟಕ್ಕೆ ಕರೆದೆ. ಎರಡು ಪ್ರಶ್ನೆ ಇಟ್ಟಿದ್ದಾಳೆ. 2 ಇದ್ದದ್ದು 2 ಆಗೇ ಯಾಕೆ ಉಳೀತು? ಮತ್ತೆ ಪೇಪರಲ್ಲಿ ವರ್ಷದ ಮುಂದೆ ± 30 ಅಂತ ಇದೆ, ಅದೇನು?

ಚಿಕ್ಕಬಳ್ಳಾಪುರ ಗಣಿತ

ನೂರಕ್ಕೆ 40ರ ಹತ್ತಿರವೇ ಹೋಗಿದೆ. ನಾನು ಕೊಟ್ಟ 64, 32, 16 ವಾಪಸ್ ತಗೊಂಡೆ. ಕೊನೆಯ ಎರಡು ಬೀಜಕ್ಕೆ ಮಾತ್ರ ಅರ್ಧಾಯು ಅನ್ನೋ ಪದವೇ ಸಲ್ಲಲ್ಲ ಅಂತ ನನ್ನ ಅಭಿಪ್ರಾಯ.

ಪಾವಗಡದ ಬಂಡೆ

ನಾನು ಒಪ್ಪಲ್ಲ ಸರ್. ಒಂದು ಬೀಜಕ್ಕೂ 1.36 ಚೆಲ್ಲಾಟವೇ ಅರ್ಧಾಯು. ಒಂದೇ ಬೀಜ ನೋಡಿ ಅದನ್ನು ಅಳೆಯೋಕಾಗಲ್ಲ ಅಷ್ಟೇ. ಗುಂಪು ದೊಡ್ಡದಿದ್ದಾಗ ಪಾಲು ಸ್ಥಿರವಾಗಿ ಕಾಣುತ್ತೆ, ಎರಡೇ ಉಳಿದಾಗ ಅದೃಷ್ಟದ ಆಟ ಹೊರಗೆ ಬೀಳುತ್ತೆ.

± 30 ಅದೇ ಅದೃಷ್ಟದ ಅಳತೆ. 10,000 ಎಣಿಸಿದರೆ ಎಣಿಕೆಯಲ್ಲಿ ನೂರಕ್ಕೆ 1ರಷ್ಟು ಅಲುಗಾಟ ಇದ್ದೇ ಇರುತ್ತೆ. ಕಾರ್ಬನ್‌ನಲ್ಲಿ ನೂರಕ್ಕೆ 1 ಅಂದರೆ ಹೆಚ್ಚು ಕಡಿಮೆ 83 ವರ್ಷ. ಅದನ್ನು 30ಕ್ಕೆ ಇಳಿಸಬೇಕಾದರೆ ಸುಮಾರು 76,000 ಎಣಿಸಬೇಕು. 72 ಪಾಲು ಉಳಿದ ಒಂದು ಗ್ರಾಂ ಇದ್ದಿಲಿನ ಕಾರ್ಬನ್ನಲ್ಲಿ ನಿಮಿಷಕ್ಕೆ ಹತ್ತರಷ್ಟೇ ಒಡೆಯೋದು, ಹಾಗಾಗಿ ಒಡೆಯೋದನ್ನೇ ಕಾಯುತ್ತಾ ಕೂತರೆ ಐದು ದಿನಕ್ಕಿಂತ ಹೆಚ್ಚು ಬೇಕು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಂಥ ಕಡೆ ಒಡೆಯೋವರೆಗೂ ಕಾಯದೆ ಪರಮಾಣುಗಳನ್ನೇ ನೇರ ಎಣಿಸ್ತಾರೆ. ಹುರುಳಿ ಕಾಳಿನಷ್ಟು ಸ್ಯಾಂಪಲ್ ಸಾಕಾಗೋದು ಅದರಿಂದಲೇ.

ಅಂದ ಹಾಗೆ ಆ ± 30ರಲ್ಲಿ ಹುಣಸೆ ಚೇಗಿನ ಇನ್ನೂರು ವರ್ಷ ಸೇರಿರಲ್ಲ, ಬೇರಿನ ಕಸವೂ ಸೇರಿರಲ್ಲ. ಅದು ಬರೀ ಎಣಿಕೆಯ ಅಲುಗಾಟ.

ಕ್ಯಾತ್ಸಂದ್ರದ ಚಿಕ್ಕಮ್ಮ

ಹೇಳ್ತೀನಿ. ಈಗ ಮತ್ತೆ 64 ಬೀಜ ಎಣಿಸಿ ಡಬ್ಬಿಗೆ ಹಾಕ್ತಿದ್ದಾಳೆ, ಒಂದು ಕಮ್ಮಿ ಇದೆಯಂತೆ.